ಎಂ 8 ಟ್ಯಾಪಿಗೆ 6.8 ಡ್ರಿಲ್ಲೇ ಯಾಕೆ?

ಅಂಗಡಿಯಲ್ಲಿ ಸುಲಭವಾಗಿ ಸಿಗುವ ಡ್ರಿಲ್ ಡಬ್ಬಿಯಿಂದಲೇ ಶುರು ಮಾಡೋಣ. ಒಂದು ಮಿ.ಮೀ.ಯಿಂದ ಹದಿಮೂರು ಮಿ.ಮೀ.ವರೆಗೆ, ಅರ್ಧರ್ಧ ಮಿ.ಮೀ. ಏರುತ್ತಾ ಹೋಗುವ 25 ಬಿಟ್‌ಗಳ ಸೆಟ್ಟು ಅದು. ನಿಮ್ಮಲ್ಲಿ ಹೆಚ್ಚಿನವರ ಬೆಂಚಿನ ಮೇಲೆ ಇದ್ದೇ ಇರುತ್ತದೆ. ಈಗ ಎಂ 8 ಟ್ಯಾಪ್ ಹೊಡೆಯಬೇಕು. ಗೋಡೆಗೆ ಅಂಟಿಸಿದ ಚಾರ್ಟಿನಲ್ಲಿ 6.8 ಅಂತ ಇದೆ, ಡಬ್ಬಿಯಲ್ಲಿ 6.8 ಇಲ್ಲ. ಇರುವುದು 6.5 ಮತ್ತು 7. ಯಾವುದನ್ನು ತೆಗೆದುಕೊಳ್ಳುತ್ತೀರಿ?

ಎಷ್ಟೋ ಜನರ ಕೈ ತಾನಾಗಿಯೇ 6.5ರ ಕಡೆಗೆ ಹೋಗುತ್ತದೆ. ತೂತು ಚಿಕ್ಕದಿದ್ದಷ್ಟೂ ಥ್ರೆಡ್ ಆಳವಾಗಿ ಕೂರುತ್ತದೆ, ಗಟ್ಟಿಯಾಗುತ್ತದೆ, ಏಳನ್ನು ಹಾಕಿದರೆ ಬೋಲ್ಟು ಲೊಡಲೊಡ ಅನ್ನುತ್ತದೆ ಎಂಬ ಲೆಕ್ಕ. ಈ ಲೆಕ್ಕದಲ್ಲಿ ಎರಡು ತಪ್ಪುಗಳಿವೆ. ಇವತ್ತಿನ ಮಾತೆಲ್ಲ ಆ ಎರಡು ತಪ್ಪುಗಳ ಸುತ್ತಲೇ.

ಮೊದಲು ತೂತಿನ ಒಳಗೆ ಏನಾಗುತ್ತದೆ ನೋಡೋಣ. ಎಂ 8 ಎಂದರೆ ಬೋಲ್ಟಿನ ಹೊರ ವ್ಯಾಸ 8 ಮಿ.ಮೀ., ಪಿಚ್, ಅಂದರೆ ಒಂದು ಹಲ್ಲಿನಿಂದ ಮುಂದಿನ ಹಲ್ಲಿಗಿರುವ ದೂರ, 1.25. ಟ್ಯಾಪಿನ ಹಲ್ಲು 60 ಡಿಗ್ರಿಯ ವಿ ಆಕಾರದ್ದು. ಅದು ತೂತಿನ ಗೋಡೆಯಲ್ಲಿ ಹೊರಗಡೆಗೆ, 8 ಮಿ.ಮೀ. ವ್ಯಾಸದವರೆಗೆ, ಕಾಲುವೆ ಕೊರೆಯುತ್ತಾ ಹೋಗುತ್ತದೆ. ಎರಡು ಕಾಲುವೆಗಳ ನಡುವೆ ಉಳಿದ ಲೋಹವೇ ಒಳ ಥ್ರೆಡ್ಡಿನ ಹಲ್ಲು. ಆ ಹಲ್ಲಿನ ಬುಡ ಹೊರಗಡೆ 8 ಮಿ.ಮೀ. ವ್ಯಾಸದಲ್ಲಿದೆ, ತುದಿ ಒಳಗಡೆ ತೂತಿನ ಕಡೆಗಿದೆ. ಬುಡವನ್ನು ಮಾಡುವುದು ಟ್ಯಾಪು. ತುದಿ ಎಲ್ಲಿ ನಿಲ್ಲಬೇಕು ಎನ್ನುವುದನ್ನು ಮಾತ್ರ ಡ್ರಿಲ್ಲು ತೀರ್ಮಾನಿಸುತ್ತದೆ. ದೊಡ್ಡ ಡ್ರಿಲ್ ಹಾಕಿದರೆ ನೀವು ಮಾಡುತ್ತಿರುವುದು ಇಷ್ಟೇ, ಟ್ಯಾಪ್ ಹೊಡೆಯುವ ಮೊದಲೇ ಹಲ್ಲಿನ ತುದಿಯನ್ನು ಒಂದಿಷ್ಟು ತರಿದುಹಾಕಿದ್ದೀರಿ.

ಹಲ್ಲು ಎಷ್ಟು ಎತ್ತರ ಉಳಿಯಿತು ಎನ್ನುವುದಕ್ಕೆ ಶೇಕಡಾ ಲೆಕ್ಕವಿದೆ. ನೂರು ಶೇಕಡಾ ಎಂದರೆ ವಿ ಆಕಾರದ ಪೂರ್ತಿ ಎತ್ತರದ ಮುಕ್ಕಾಲು ಭಾಗ. ಅದು ಒಂದು ಬದಿಗೆ ಪಿಚ್ಚಿನ 0.6495 ಪಾಲು, ಎರಡೂ ಬದಿ ಸೇರಿ 1.299 ಪಾಲು. ಸೂತ್ರ ಹೀಗಿದೆ. D ಹೊರ ವ್ಯಾಸ, P ಪಿಚ್, d ತೂತಿನ ವ್ಯಾಸ:

```
% = (D − d) × 100 / (1.299 × P)
d = D − 1.299 × P × % / 100
```

ಎಂ 8ಕ್ಕೆ 1.299ನ್ನು 1.25ರಿಂದ ಗುಣಿಸಿದರೆ 1.624. ಈ ಒಂದು ಸಂಖ್ಯೆ ನೆನಪಿದ್ದರೆ ಸಾಕು. 6.8 ಡ್ರಿಲ್ಲಿಗೆ 1.2ನ್ನು 1.624ರಿಂದ ಭಾಗಿಸಿ, 74 ಬರುತ್ತದೆ. 6.9ಕ್ಕೆ 68, 7ಕ್ಕೆ 62. ಡಬ್ಬಿಯಲ್ಲಿದ್ದ 6.5ಕ್ಕೆ 92. ಅಂದರೆ ಎಂ 8ರಲ್ಲಿ ಡ್ರಿಲ್ ಒಂದು ಪಾಯಿಂಟು, ಅಂದರೆ 0.1 ಮಿ.ಮೀ., ಬದಲಾದರೆ ಥ್ರೆಡ್ಡು ಸುಮಾರು ಆರು ಶೇಕಡಾ ಬದಲಾಗುತ್ತದೆ.

ಹೊರ ವ್ಯಾಸದಿಂದ ಪಿಚ್ ಕಳೆದರೆ ಡ್ರಿಲ್ ಸೈಜು ಎಂದು ಐಟಿಐಯಲ್ಲಿ ಹೇಳಿಕೊಡುತ್ತಾರಲ್ಲ, ಅದು ಈ ಸೂತ್ರದ್ದೇ ಮರಿ. ಒಂದನ್ನು 1.299ರಿಂದ ಭಾಗಿಸಿದರೆ 0.77. ಹಾಗಾಗಿ ಯಾವ ಮೆಟ್ರಿಕ್ ಥ್ರೆಡ್ ಆದರೂ ಈ ರೀತಿ ಕಳೆದು ಬಂದ ಡ್ರಿಲ್ಲಿನಲ್ಲಿ 77 ಶೇಕಡಾ ಸಿಗುತ್ತದೆ. ಎಂ 6ಕ್ಕೆ 5, ಎಂ 10ಕ್ಕೆ 8.5. ಎಂ 8ಕ್ಕೆ ನಿಜವಾಗಿ 6.75 ಬರಬೇಕು, ಅದನ್ನು 6.8 ಮಾಡಿಕೊಂಡಿದ್ದಾರೆ. ಒಳ್ಳೆಯ ನಿಯಮವೇ. ಆದರೆ ಅದು 77ಕ್ಕೆ ಕಟ್ಟಿದ ನಿಯಮ, ಎಲ್ಲ ಲೋಹಕ್ಕೂ 77 ಬೇಕೇ ಬೇಕು ಅಂತ ಅದರ ಅರ್ಥ ಅಲ್ಲ.

ಇಲ್ಲಿ ಒಂದು ಗೊಂದಲ ಬಿಡಿಸಿ ಮುಂದೆ ಹೋಗುತ್ತೇನೆ. ಕೆಲವು ಟ್ಯಾಪ್ ಕ್ಯಾಟಲಾಗುಗಳಲ್ಲಿ ಎಂ 10ಕ್ಕೆ 8.5 ಡ್ರಿಲ್ ಹಾಕಿದರೆ 92 ಶೇಕಡಾ ಅಂತ ಇರುತ್ತದೆ. ನಮ್ಮ ಲೆಕ್ಕದಲ್ಲಿ 77. ಇಬ್ಬರದ್ದೂ ಸರಿಯೇ. ಅವರು ನೂರು ಎಂದು ಹಿಡಿದಿರುವುದು ಐಎಸ್‌ಒ ಒಳ ಥ್ರೆಡ್ಡಿನ ಮೂಲ ಎತ್ತರವನ್ನು, ಅಂದರೆ ಪೂರ್ತಿ ವಿ ಎತ್ತರದ ಎಂಟರಲ್ಲಿ ಐದು ಪಾಲನ್ನು. ನಾವು ಹಿಡಿದಿರುವುದು ಎಂಟರಲ್ಲಿ ಆರು ಪಾಲನ್ನು. ಹಾಗಾಗಿ ಯಾರಾದರೂ 75 ಶೇಕಡಾ ಥ್ರೆಡ್ ಬೇಕು ಎಂದರೆ ಯಾವುದರ 75 ಎಂದು ಕೇಳಿ. ಎಂ 8ರಲ್ಲಿ ನಮ್ಮ ಲೆಕ್ಕದ 75 ಎಂದರೆ 6.78, ಅವರ ಲೆಕ್ಕದ 75 ಎಂದರೆ 6.99. ಒಂದೇ ಮಾತು, ಎರಡು ಬೇರೆ ಡ್ರಿಲ್ಲು.

ಇದರಿಂದಲೇ ಇನ್ನೊಂದು ವಿಷಯವೂ ಹೊರಬೀಳುತ್ತದೆ. ಐದನ್ನು ಆರರಿಂದ ಭಾಗಿಸಿದರೆ 83. ಸ್ಟಾಂಡರ್ಡ್ ಪ್ರಕಾರ ಒಳ ಥ್ರೆಡ್ಡಿನ ಮೈನರ್ ಡಯಾ, ಅಂದರೆ ಹಲ್ಲಿನ ತುದಿಗಳ ನಡುವಿನ ವ್ಯಾಸ, ಕನಿಷ್ಠ ಇರಬೇಕಾದಷ್ಟೇ ಇದ್ದರೂ ನಿಮಗೆ ಸಿಗುವುದು 83 ಶೇಕಡಾ. ಎಂ 8ಕ್ಕೆ ಆ ಕನಿಷ್ಠ ಅಳತೆ 6.647 ಮಿ.ಮೀ. ಅದಕ್ಕಿಂತ ಚಿಕ್ಕ ತೂತು ತಪ್ಪು ತೂತೇ. ನೂರು ಶೇಕಡಾ ಥ್ರೆಡ್ ಬೇಕು ಎನ್ನುವವರು ಸ್ಟಾಂಡರ್ಡಿನಲ್ಲೇ ಇಲ್ಲದ ಥ್ರೆಡ್ ಕೇಳುತ್ತಿದ್ದಾರೆ. 6.5 ಡ್ರಿಲ್ ಹಾಕಿ ಹೇಗೋ ಟ್ಯಾಪ್ ಮುರಿಯದೆ ಹೊರಗೆ ಬಂದರೂ, ಆ ಪೀಸು ಗೇಜಿನಲ್ಲಿ ರಿಜೆಕ್ಟ್ ಆಗುತ್ತದೆ.

ಈಗ ಮೊದಲನೆಯ ತಪ್ಪಿಗೆ ಬರೋಣ, ತೂತು ಚಿಕ್ಕದಿದ್ದರೆ ಥ್ರೆಡ್ ಗಟ್ಟಿ ಎನ್ನುವುದಕ್ಕೆ.

ಬೋಲ್ಟನ್ನು ಅತಿಯಾಗಿ ಬಿಗಿದಾಗ ಮೂರರಲ್ಲಿ ಒಂದು ಆಗುತ್ತದೆ. ಬೋಲ್ಟೇ ತುಂಡಾಗುತ್ತದೆ, ಇಲ್ಲವೇ ಬೋಲ್ಟಿನ ಥ್ರೆಡ್ ಸ್ಲಿಪ್ ಆಗುತ್ತದೆ, ಇಲ್ಲವೇ ತೂತಿನ ಥ್ರೆಡ್ ಕಿತ್ತು ಬರುತ್ತದೆ. ತೂತಿನ ಥ್ರೆಡ್ ಕಿತ್ತು ಬಂದಾಗ ಬೋಲ್ಟಿನ ಮೇಲೆ ಸ್ಪ್ರಿಂಗಿನ ಹಾಗೆ ಸುರುಳಿ ಸುತ್ತಿಕೊಂಡಿರುತ್ತದೆ, ನೋಡಿದ್ದೀರಿ. ಆ ಸುರುಳಿ ಎಲ್ಲಿಂದ ಕತ್ತರಿಸಿ ಬಂತು? ಬೋಲ್ಟಿನ ಹೊರ ವ್ಯಾಸದಲ್ಲಿ, ಅಂದರೆ ಒಳ ಹಲ್ಲಿನ ಬುಡದಲ್ಲಿ. ಆ ಬುಡದ ದಪ್ಪ ಪಿಚ್ಚಿನ ಎಂಟರಲ್ಲಿ ಏಳು ಪಾಲು, ಎಂ 8ಕ್ಕೆ 1.09 ಮಿ.ಮೀ. ಡ್ರಿಲ್ 6.5 ಇರಲಿ, 7 ಇರಲಿ, ಈ ದಪ್ಪ ಒಂದು ಕೂದಲಷ್ಟೂ ಬದಲಾಗುವುದಿಲ್ಲ, ಯಾಕೆಂದರೆ ಡ್ರಿಲ್ಲು ಬುಡವನ್ನು ಮುಟ್ಟುವುದೇ ಇಲ್ಲ. ಬೇವಿನ ಮರದ ತುದಿ ಸವರಿದರೆ ಬುಡದ ಸುತ್ತಳತೆ ಕಡಿಮೆಯಾಗುತ್ತದೆಯೇ?

ತುದಿ ಸವರಿದ್ದರಿಂದ ನಷ್ಟವಾಗುವುದು ಬೋಲ್ಟಿನ ಕಡೆಗೆ. ಬೋಲ್ಟಿನ ಹಲ್ಲು ಕತ್ತರಿಸಿಹೋಗುವುದು ಒಳ ಥ್ರೆಡ್ಡಿನ ತುದಿ ಎಲ್ಲಿದೆಯೋ ಆ ವ್ಯಾಸದಲ್ಲಿ. ತುದಿ ಹಿಂದೆ ಸರಿದರೆ ಬೋಲ್ಟಿನ ಹಲ್ಲನ್ನು ಅದರ ತೆಳುವಾದ ಭಾಗದಲ್ಲಿ ಹಿಡಿದ ಹಾಗಾಯಿತು. ಎಂ 8ಕ್ಕೆ ಲೆಕ್ಕ ಹಾಕಿ ನೋಡೋಣ. 6.8 ತೂತಿನಲ್ಲಿ ಆ ಜಾಗದಲ್ಲಿ ಬೋಲ್ಟ್ ಹಲ್ಲಿನ ದಪ್ಪ 0.85 ಮಿ.ಮೀ., 7 ಮಿ.ಮೀ. ತೂತಿನಲ್ಲಿ 0.73. ಸುತ್ತಳತೆಯನ್ನೂ ಸೇರಿಸಿ, ಹಿಡಿತದ ಪ್ರತಿ ಮಿ.ಮೀ. ಉದ್ದಕ್ಕೆ ಕತ್ತರಿಸಬೇಕಾದ ವಿಸ್ತೀರ್ಣ 14.5 ಚದರ ಮಿ.ಮೀ.ನಿಂದ 12.9ಕ್ಕೆ ಇಳಿಯುತ್ತದೆ. ಹನ್ನೊಂದು ಶೇಕಡಾ ನಷ್ಟ.

ಹನ್ನೊಂದು ಶೇಕಡಾ ಅಂದಾಗ ಗಾಬರಿ ಬೇಡ. 8 ಮಿ.ಮೀ. ದಪ್ಪದ ಎಂಎಸ್ ಪ್ಲೇಟಿಗೆ 8.8 ಗ್ರೇಡಿನ ಎಂ 8 ಬೋಲ್ಟು ಪೂರ್ತಿ ಕೂತಿದೆ ಅಂತಿಟ್ಟುಕೊಳ್ಳಿ. ಬೋಲ್ಟಿನ ಒತ್ತಡ ಹೊರುವ ವಿಸ್ತೀರ್ಣ 36.6 ಚದರ ಮಿ.ಮೀ., ಅದು ತುಂಡಾಗಲು ಸುಮಾರು 29 ಕಿಲೋನ್ಯೂಟನ್ ಬೇಕು. ಬೋಲ್ಟಿನ ಹಲ್ಲುಗಳು ಕತ್ತರಿಸಿಹೋಗಲು 6.8 ತೂತಿನಲ್ಲಿ ಸುಮಾರು 56, 7ರ ತೂತಿನಲ್ಲಿ ಸುಮಾರು 50 ಕಿಲೋನ್ಯೂಟನ್ ಬೇಕು. ತೂತಿನ ಹಲ್ಲುಗಳ ಬುಡ ಕತ್ತರಿಸಲು ಎರಡರಲ್ಲೂ ಸುಮಾರು 42. ಇದು ಎಲ್ಲ ಹಲ್ಲುಗಳೂ ಸಮನಾಗಿ ಭಾರ ಹೊರುತ್ತವೆ ಎಂದು ಹಿಡಿದ ಲೆಕ್ಕ. ನಿಜದಲ್ಲಿ ಮೊದಲ ಒಂದೆರಡು ಸುತ್ತುಗಳೇ ಹೆಚ್ಚು ಹೊರುತ್ತವೆ, ಆದ್ದರಿಂದ ಸ್ವಲ್ಪ ಇಳಿಸಿ ನೋಡಿ. ಇಳಿಸಿದರೂ 56 ಇದ್ದದ್ದು 50 ಆದರೆ ಏನೂ ಆಗಲಿಲ್ಲ, ಎರಡಕ್ಕಿಂತ ಮೊದಲೇ ಬೋಲ್ಟು ತುಂಡಾಗಿರುತ್ತದೆ.

ಈಗ ಅದೇ ಬೋಲ್ಟನ್ನು ಅಲ್ಯೂಮಿನಿಯಂ ಎರಕದ ಬ್ರಾಕೆಟ್ಟಿಗೆ ಹಾಕಿ. ಕತ್ತರಿಸುವ ಬಲ ಚದರ ಮಿ.ಮೀ.ಗೆ 120 ನ್ಯೂಟನ್ ತಡೆಯುವ ಎರಕ ಎಂದು ಹಿಡಿದರೆ, 8 ಮಿ.ಮೀ. ಹಿಡಿತಕ್ಕೆ ಒಳ ಥ್ರೆಡ್ ತಡೆಯುವುದು 21 ಕಿಲೋನ್ಯೂಟನ್. ಬೋಲ್ಟು 29ಕ್ಕೆ ಮುರಿಯಬೇಕು, ಅದಕ್ಕಿಂತ ಮೊದಲೇ ಥ್ರೆಡ್ ಕಿತ್ತು ಬರುತ್ತದೆ. ಇಲ್ಲಿ ಜನ ಮಾಡುವ ತಪ್ಪು ಎಂದರೆ ಮುಂದಿನ ಬ್ಯಾಚಿಗೆ ಡ್ರಿಲ್ ಚಿಕ್ಕದು ಮಾಡುವುದು. ಬುಡದಲ್ಲಿ ಕಿತ್ತು ಬರುವ ಥ್ರೆಡ್ಡಿಗೆ ತುದಿ ಉದ್ದ ಮಾಡಿ ಏನು ಪ್ರಯೋಜನ? ಹಿಡಿತದ ಉದ್ದ 12 ಮಿ.ಮೀ. ಮಾಡಿದರೆ 32 ಕಿಲೋನ್ಯೂಟನ್ ಆಗುತ್ತದೆ. ಅಲ್ಯೂಮಿನಿಯಂಗೆ ವ್ಯಾಸದ ಒಂದೂವರೆಯಿಂದ ಎರಡು ಪಟ್ಟು ಆಳ ಥ್ರೆಡ್ ಕೊಡಿ ಎನ್ನುವ ಮಾತು ಇಲ್ಲಿಂದಲೇ ಬಂದದ್ದು. ಶಕ್ತಿ ಬೇಕಾದರೆ ಉದ್ದದಲ್ಲಿ ತೆಗೆದುಕೊಳ್ಳಿ.

ಹಾಗಾದರೆ ಡ್ರಿಲ್ ಎಷ್ಟು ಬೇಕಾದರೂ ದೊಡ್ಡದು ಹಾಕಬಹುದೇ? ಇಲ್ಲ. ನಾವು ಇದುವರೆಗೆ ಬೋಲ್ಟು ಸರಿಯಾಗಿ 8 ಇದೆ ಎಂದುಕೊಂಡಿದ್ದೇವೆ. ಅಂಗಡಿಯಿಂದ ತಂದ ಬೋಲ್ಟನ್ನು ಮೈಕ್ರೋಮೀಟರಿನಲ್ಲಿ ಹಿಡಿದು ನೋಡಿ, 8 ಇರುವುದಿಲ್ಲ. 6ಜಿ ಟಾಲರೆನ್ಸಿನಲ್ಲಿ ಎಂ 8 ಬೋಲ್ಟಿನ ಹೊರ ವ್ಯಾಸ 7.972ರಿಂದ 7.760ರವರೆಗೆ ಇರಬಹುದು. ತೀರಾ ಸಣ್ಣ ಬೋಲ್ಟು, 7 ಮಿ.ಮೀ. ತೂತು ಒಟ್ಟಿಗೆ ಬಂದರೆ ಹಲ್ಲಿನ ಮೇಲೆ ಹಲ್ಲು ಕೂರುವ ಆಳ ಒಂದು ಬದಿಗೆ 0.38 ಮಿ.ಮೀ. ಮಾತ್ರ. 6.8 ಇದ್ದಿದ್ದರೆ 0.48 ಇರುತ್ತಿತ್ತು. ತೂತು 7.2 ಆದರೆ 0.28ಕ್ಕೆ ಇಳಿಯುತ್ತದೆ, ಆಗ ಹಲ್ಲುಗಳು ಕತ್ತರಿಸುವ ಬದಲು ಬಾಗಿ, ಒಂದರ ಮೇಲೊಂದು ಜಾರಿ ಹೊರಗೆ ಬರಲು ಶುರುವಾಗುತ್ತದೆ. ತೆಳು ಪ್ಲೇಟಿನಲ್ಲಿ ಇದು ಇನ್ನೂ ಬೇಗ ಆಗುತ್ತದೆ. 3 ಮಿ.ಮೀ. ಪ್ಲೇಟಿನಲ್ಲಿ ಸಿಗುವುದೇ ಎರಡೂವರೆ ಸುತ್ತು ಥ್ರೆಡ್, ಅದರಲ್ಲಿ ಎರಡೂ ಬಾಯಿಯ ಚ್ಯಾಂಫರಿಗೆ ಒಂದಿಷ್ಟು ಹೋಗುತ್ತದೆ. ಅಂಥ ಕಡೆ 6.8ರ ಮೇಲೆ ಹೋಗಬೇಡಿ. ದಪ್ಪ ಇದ್ದಾಗ ಮಾತ್ರ ಶೇಕಡಾ ಇಳಿಸುವ ಸ್ವಾತಂತ್ರ್ಯ ನಿಮಗಿದೆ.

ಎರಡನೆಯ ತಪ್ಪು ಲೊಡಲೊಡ ಎನ್ನುವುದರ ಬಗ್ಗೆ. ಬೋಲ್ಟು ತೂತಿನಲ್ಲಿ ಅಲ್ಲಾಡುವುದು ಪಿಚ್ ಡಯಾ ದೊಡ್ಡದಾದಾಗ, ಅಂದರೆ ಹಲ್ಲಿನ ಇಳಿಜಾರು ಬದಿಗಳ ನಡುವೆ ಸಂದು ಹೆಚ್ಚಾದಾಗ. ಪಿಚ್ ಡಯಾ ಮಾಡುವುದು ಟ್ಯಾಪು. ಟ್ಯಾಪ್ ಓವರ್‌ಸೈಜ್ ಇದ್ದರೆ, ವಾಲಿಸಿಕೊಂಡು ಶುರು ಮಾಡಿದರೆ, ಹಲ್ಲಿನ ಮೇಲೆ ಅಲ್ಯೂಮಿನಿಯಂ ಅಂಟಿಕೊಂಡು ಹೆಚ್ಚು ಕೊರೆದರೆ ಬೋಲ್ಟು ಅಲ್ಲಾಡುತ್ತದೆ. ಡ್ರಿಲ್ ದೊಡ್ಡದಾದ ಮಾತ್ರಕ್ಕೆ ಅಲ್ಲಾಡುವುದಿಲ್ಲ.

ಇದರ ಮಗ್ಗುಲಲ್ಲೇ ಒಂದು ಅಪಾಯವೂ ಇದೆ. ಥ್ರೆಡ್ ಪ್ಲಗ್ ಗೇಜಿನ ಗೋ ಬದಿಯಾಗಲಿ ನೋ-ಗೋ ಬದಿಯಾಗಲಿ ಮೈನರ್ ಡಯಾ ದೊಡ್ಡದಾಗಿದೆಯೇ ಅಂತ ನೋಡುವುದಿಲ್ಲ. 7.2 ಡ್ರಿಲ್ ಹಾಕಿ 49 ಶೇಕಡಾ ಥ್ರೆಡ್ ಮಾಡಿದ ತೂತು ಕೂಡ ಥ್ರೆಡ್ ಗೇಜಿನಲ್ಲಿ ಸಲೀಸಾಗಿ ಪಾಸಾಗಬಹುದು. ಗೋ ಸುತ್ತಿಕೊಂಡು ಒಳಗೆ ಹೋಗುತ್ತದೆ, ನೋ-ಗೋ ಬಾಯಲ್ಲೇ ನಿಲ್ಲುತ್ತದೆ, ಇನ್‌ಸ್ಪೆಕ್ಟರ್ ಸೀಲು ಹಾಕುತ್ತಾನೆ. ಮೈನರ್ ಡಯಾ ನೋಡಲು ಥ್ರೆಡ್ ಇಲ್ಲದ ಪ್ಲೇನ್ ಪ್ಲಗ್ ಗೇಜೇ ಬೇಕು. ಎಂ 8ಕ್ಕೆ, ಒಳ ಥ್ರೆಡ್ಡಿನ 6ಎಚ್ ಟಾಲರೆನ್ಸಿನಲ್ಲಿ, ಅದರ ಮಿತಿ 6.647 ಮತ್ತು 6.912. ಬ್ಯಾಚಿನ ನಡುವೆ ಯಾರೋ 6.8 ಬಿಟ್ಟಿನ ಜಾಗದಲ್ಲಿ 7.2 ಸಿಕ್ಕಿಸಿದರೆ ಅದನ್ನು ಹಿಡಿಯುವುದು ಈ ಪ್ಲೇನ್ ಗೇಜ್ ಮಾತ್ರ.

ಸರಿ, ತೂತು ದೊಡ್ಡದಾದರೆ ನಷ್ಟ ಇಷ್ಟು. ಲಾಭ ಏನು? ಟ್ಯಾಪಿನ ಆಯಸ್ಸು. ಟ್ಯಾಪ್ ಕೊರೆಯುವ ಕಾಲುವೆಯ ಅಡ್ಡ ಸೀಳಿಕೆ ನೋಡಿದರೆ ಅದು ಹೊರಗೆ ಕಿರಿದು, ತೂತಿನ ಕಡೆಗೆ ಅಗಲ. ಡ್ರಿಲ್ಲು ತರಿದುಹಾಕುವುದು ಈ ಅಗಲವಾದ ಬಾಯಿಯನ್ನೇ. 6.8 ತೂತಿನಲ್ಲಿ ಆ ಕಾಲುವೆಯ ವಿಸ್ತೀರ್ಣ 0.30 ಚದರ ಮಿ.ಮೀ. 6.9ರಲ್ಲಿ 0.26, 7ರಲ್ಲಿ 0.22. ಅದೇ 6.5ರಲ್ಲಿ 0.44. ಹೋಲಿಸಿ ನೋಡಿ, 6.8ರಿಂದ 7ಕ್ಕೆ ಹೋದರೆ ಟ್ಯಾಪ್ ತೆಗೆಯಬೇಕಾದ ಲೋಹ ಕಾಲುಭಾಗಕ್ಕೂ ಹೆಚ್ಚು ಕಡಿಮೆ. 6.8ರಿಂದ 6.5ಕ್ಕೆ ಇಳಿದರೆ ಹತ್ತಿರ ಹತ್ತಿರ ಅರ್ಧದಷ್ಟು ಹೆಚ್ಚು. ಅಷ್ಟೂ ಚಿಪ್ಸ್ ಹೋಗಿ ಕೂರಬೇಕಾದದ್ದು ಟ್ಯಾಪಿನ ಅದೇ ಸಣ್ಣ ಫ್ಲೂಟಿನಲ್ಲಿ. ಜೊತೆಗೆ 6.5 ಎನ್ನುವುದು ಟ್ಯಾಪಿನ ಹಲ್ಲುಗಳ ಬುಡದ ವ್ಯಾಸಕ್ಕೆ ತೀರಾ ಹತ್ತಿರ. ಟ್ಯಾಪ್ ಕೊರೆಯುವಾಗ ಮೆದು ಲೋಹ ಹಲ್ಲಿನ ತುದಿಯಲ್ಲಿ ಉಬ್ಬಿ ಬರ್ರು ಏಳುತ್ತದೆ, ತೂತು ಇನ್ನಷ್ಟು ಕಿರಿದಾಗುತ್ತದೆ. ಆಗ ಕೊರೆಯುವ ಅಂಚಿಲ್ಲದ ಬುಡವೂ ಗೋಡೆಗೆ ಉಜ್ಜುತ್ತದೆ. ರೆಂಚಿಗೆ ಸಿಗುವುದು ಬರೀ ತಿಕ್ಕಾಟ. ನೂರು ಶೇಕಡಾ ಥ್ರೆಡ್ಡು 75 ಶೇಕಡಾ ಥ್ರೆಡ್ಡಿಗಿಂತ ಐದು ಶೇಕಡಾದಷ್ಟು ಮಾತ್ರ ಗಟ್ಟಿ, ಆದರೆ ಹೊಡೆಯಲು ಮೂರು ಪಟ್ಟು ಶಕ್ತಿ ಬೇಕು ಎಂದು ವರ್ಕ್‌ಶಾಪ್ ಕೈಪಿಡಿಗಳು ಹೇಳುವುದು ಇದನ್ನೇ.

ಒಂದು ಕೆಲಸ ಹಿಡಿದು ಪೂರ್ತಿ ನೋಡಿಬಿಡೋಣ. ಎಸ್‌ಎಸ್ 304, 16 ಮಿ.ಮೀ. ದಪ್ಪದ ಪ್ಲೇಟು, ಎಂ 8 ಆರಪಾರ ತೂತು, ಡ್ರಾಯಿಂಗಿನಲ್ಲಿ 6ಎಚ್ ಅಂತ ಬರೆದಿದೆ. 304 ಟ್ಯಾಪಿಂಗಿಗೆ ಒಳ್ಳೆಯ ಲೋಹವಲ್ಲ. ಅಂಟುತ್ತದೆ, ಉಜ್ಜಿದರೆ ಮೇಲ್ಮೈ ಗಟ್ಟಿಯಾಗುತ್ತದೆ. ಹಿಡಿತ ವ್ಯಾಸದ ಎರಡು ಪಟ್ಟಿದೆ, ಹಾಗಾಗಿ ಶೇಕಡಾ ಇಳಿಸಲು ಅಡ್ಡಿಯಿಲ್ಲ. 65ರಿಂದ 70ರ ನಡುವೆ ಸಾಕು. ಸೂತ್ರಕ್ಕೆ 68 ಹಾಕಿದರೆ 6.9 ಬರುತ್ತದೆ. ತಕ್ಷಣ 6.9 ಡ್ರಿಲ್ ಹಾಕೋಣ ಅನ್ನಿಸುತ್ತದೆ, ಸ್ವಲ್ಪ ತಡೆಯಿರಿ.

6.9 ಡ್ರಿಲ್ಲು 6.9 ತೂತು ಮಾಡುವುದಿಲ್ಲ. ಎರಡು ತುಟಿ ಸಮನಾಗಿ ಸಾಣೆ ಹಿಡಿಯದ ಬಿಟ್ಟು, ಸ್ವಲ್ಪ ಸವೆದ ಚಕ್ಕು, ಇಷ್ಟಿದ್ದರೆ ತೂತು ಅರ್ಧ ಪಾಯಿಂಟಿನಿಂದ ಒಂದು ಪಾಯಿಂಟಿನವರೆಗೆ ದೊಡ್ಡದಾಗುವುದು ಸಾಮಾನ್ಯ. 6ಎಚ್ ಗರಿಷ್ಠ ಮಿತಿ 6.912. ಅಂದರೆ ನಿಮ್ಮ ಕೈಯಲ್ಲಿರುವುದು ಬರೀ 0.012 ಮಿ.ಮೀ. ಪ್ಲೇನ್ ಗೇಜಿನ ನೋ-ಗೋ ಬದಿ ಖಂಡಿತ ಒಳಗೆ ಹೋಗುತ್ತದೆ, ಪೀಸು ಹೊರಗೆ ಹೋಗುತ್ತದೆ. ಅದರ ಬದಲು 6.8 ಡ್ರಿಲ್ಲನ್ನೇ ಹಾಕಿ, ಅದೇ ಪ್ಲೇಟಿನ ತುಂಡಿನಲ್ಲಿ ಅದೇ ಸ್ಪೀಡಿನಲ್ಲಿ ಒಂದು ತೂತು ಮಾಡಿ ಅಳೆಯಿರಿ. 6.87 ಬಂತು ಅಂತಿಟ್ಟುಕೊಳ್ಳಿ. ಅದು 70 ಶೇಕಡಾ. ನಮಗೆ ಬೇಕಿದ್ದೂ ಅದೇ, ಮಿತಿಯ ಒಳಗೂ ಇದ್ದೇವೆ. ಶೇಕಡಾ ಲೆಕ್ಕ ಹಾಕಬೇಕಾದದ್ದು ಬಿಟ್ಟಿನ ಮೇಲೆ ಕೆತ್ತಿದ ಸಂಖ್ಯೆಗಲ್ಲ, ತೂತಿನ ಅಳತೆಗೆ.

ಅಳೆಯುವುದರ ಬಗ್ಗೆ ಒಂದು ಮಾತು. ವರ್ನಿಯರಿನ ಒಳ ಅಳತೆಯ ಮೂತಿಗಳಿಗೆ ಚಪ್ಪಟೆ ಅಂಚಿರುತ್ತದೆ. ಸಣ್ಣ ತೂತಿನಲ್ಲಿ ಆ ಚಪ್ಪಟೆ ಅಂಚು ಗೋಡೆಯ ಬಾಗಿಗೆ ಪೂರ್ತಿ ಕೂರುವುದಿಲ್ಲ, ಹಾಗಾಗಿ ವರ್ನಿಯರ್ ಯಾವಾಗಲೂ ಸ್ವಲ್ಪ ಕಡಿಮೆ ತೋರಿಸುತ್ತದೆ. 6.9 ಇರುವ ತೂತನ್ನು 6.8 ಎಂದು ಓದಿ ಸಮಾಧಾನಪಟ್ಟುಕೊಳ್ಳುವುದು ಹೀಗೆಯೇ. ಪಿನ್ ಗೇಜ್ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಹೊಸ ಡ್ರಿಲ್ಲುಗಳ ಹಿಂಭಾಗದ ನಯವಾದ ಶ್ಯಾಂಕನ್ನು ಮೈಕ್ರೋಮೀಟರಿನಲ್ಲಿ ಅಳೆದುಕೊಂಡು ತೂತಿಗೆ ಹಾಕಿ ನೋಡಬಹುದು. ಶ್ಯಾಂಕು ಬರೆದ ಸೈಜಿಗಿಂತ ಕೂದಲೆಳೆ ಕಡಿಮೆ ಇರುತ್ತದೆ, ಅದಕ್ಕೇ ಅಳೆದುಕೊಳ್ಳಿ ಎಂದದ್ದು.

304ರಲ್ಲಿ ಇನ್ನೊಂದು ಎಚ್ಚರಿಕೆ. ಮೊಂಡು ಡ್ರಿಲ್ಲನ್ನು ಒತ್ತಿ ಉಜ್ಜಿದರೆ ತೂತಿನ ಗೋಡೆ ಗಾಜಿನ ಹಾಗೆ ಹೊಳೆಯುತ್ತದೆ. ಆ ಹೊಳಪು ಗಟ್ಟಿಯಾದ ಚರ್ಮ. ಅಂಥ ತೂತಿಗೆ 62 ಶೇಕಡಾ ಲೆಕ್ಕ ಹಾಕಿದರೂ ಟ್ಯಾಪ್ ಮುರಿಯುತ್ತದೆ. ಟ್ಯಾಪ್ ಮುರಿದಾಗೆಲ್ಲ ಡ್ರಿಲ್ ಸೈಜು ದೊಡ್ಡದು ಮಾಡುತ್ತಾ ಹೋಗುವ ಮೊದಲು, ಡ್ರಿಲ್ಲಿನ ತುಟಿ ಸಾಣೆಯಾಗಿದೆಯೇ ನೋಡಿ. ತೂತು ಮಾಡುವಾಗ ನಡುವೆ ನಿಲ್ಲಿಸಿ ಸುಮ್ಮನೆ ತಿರುಗಲು ಬಿಡಬೇಡಿ, ಒಂದೇ ಸಮನೆ ಫೀಡ್ ಕೊಡಿ.

ಡ್ರಾಯಿಂಗಿನಲ್ಲಿ 6ಎಚ್ ಇಲ್ಲ, ನಿಮ್ಮದೇ ಜಿಗ್ಗು, ನಿಮ್ಮದೇ ಸ್ಟಾಂಡು ಎಂದಾದರೆ ಆಗ ಡಬ್ಬಿಯ 7 ಮಿ.ಮೀ. ಬಿಟ್ಟು ಬಳಸಿ, ಏನೂ ಆಗುವುದಿಲ್ಲ. ಪ್ಲೇಟು 8 ಮಿ.ಮೀ.ಗಿಂತ ದಪ್ಪ ಇರಬೇಕು, ಅಷ್ಟೇ. ಮೊದಲಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಇದು. 6.5 ಮತ್ತು 7ರ ನಡುವೆ ಆರಿಸಲೇಬೇಕಾದರೆ 7. ಆದರೆ ಈ ಅಭ್ಯಾಸವನ್ನು ಬೇರೆ ಸೈಜಿಗೆ ಕಣ್ಣುಮುಚ್ಚಿ ಒಯ್ಯಬೇಡಿ. ಎಂ 4ಕ್ಕೆ 3.3 ಬೇಕು, ಡಬ್ಬಿಯಲ್ಲಿ 3 ಮತ್ತು 3.5 ಇವೆ. ಪಿಚ್ 0.7 ಮಾತ್ರ. 3.5 ಹಾಕಿದರೆ 55 ಶೇಕಡಾಕ್ಕೆ ಬೀಳುತ್ತದೆ, 3 ಹಾಕಿದರೆ 110. ನೂರಾಹತ್ತು ಎಂದರೆ ಟ್ಯಾಪಿನ ಬುಡಕ್ಕಿಂತಲೂ ಚಿಕ್ಕ ತೂತು, ಟ್ಯಾಪ್ ಒಳಗೇ ಉಳಿಯುವುದು ಗ್ಯಾರಂಟಿ. ಪಿಚ್ ಸಣ್ಣದಾದಷ್ಟೂ ಒಂದೊಂದು ಪಾಯಿಂಟಿಗೂ ಬೆಲೆ ಹೆಚ್ಚು. 3.3, 4.2, 6.8, 10.2, ಈ ನಾಲ್ಕು ಬಿಟ್ಟುಗಳನ್ನು ಬಿಡಿಯಾಗಿ ಕೊಂಡಿಟ್ಟುಕೊಂಡರೆ ಎಂ 4, ಎಂ 5, ಎಂ 8, ಎಂ 12ರ ಪರದಾಟ ಮುಗಿಯಿತು.

ಆಗಲೇ ಹೊಡೆದ ಥ್ರೆಡ್ಡನ್ನು ಕಣ್ಣಲ್ಲೇ ಅಂದಾಜು ಮಾಡಬಹುದು. ಹತ್ತು ಪಟ್ಟಿನ ಲೆನ್ಸ್ ಹಿಡಿದು ಹಲ್ಲಿನ ತುದಿ ನೋಡಿ. 6.8 ತೂತಿನಲ್ಲಿ ತುದಿಯ ಮೇಲೆ 0.4 ಮಿ.ಮೀ. ಅಗಲದ ಚಪ್ಪಟೆ ಪಟ್ಟಿ, ಪಿಚ್ಚಿನ ಮೂರನೇ ಒಂದು ಭಾಗದಷ್ಟು, ಡ್ರಿಲ್ ಗುರುತಿನ ಸಮೇತ ಕಾಣಿಸುತ್ತದೆ. 7ರಲ್ಲಿ ಪಟ್ಟಿ ಅರ್ಧ ಮಿ.ಮೀ. ಪಟ್ಟಿ ತೀರಾ ಕಿರಿದಾಗಿ, ಅಂಚು ಚೂಪಾಗಿ, ಹರಿದ ಹಾಗೆ ಕಂಡರೆ ತೂತು ಚಿಕ್ಕದಾಗಿದೆ. ಜನ ಅದನ್ನೇ ನೋಡಿ, ಥ್ರೆಡ್ ಎಷ್ಟು ಚೂಪಾಗಿ ಬಂದಿದೆ ನೋಡು ಎಂದು ಖುಷಿಪಡುತ್ತಾರೆ!

ಹಳೇ ಯಂತ್ರಗಳ ರಿಪೇರಿ ಮಾಡುವವರಿಗೆ ಒಂದು ಮಾತು. ವಿಟ್‌ವರ್ತ್ ಥ್ರೆಡ್ 55 ಡಿಗ್ರಿಯದ್ದು, ಅದರ ಎತ್ತರ ಪಿಚ್ಚಿನ 0.64 ಪಾಲು. ಅದಕ್ಕೆ 1.299ರ ಬದಲು 1.28 ಹಾಕಿ. ಇಂಚಿನ ಥ್ರೆಡ್ಡಿನಲ್ಲಿ ಪಿಚ್ ನೇರವಾಗಿ ಕೊಟ್ಟಿರುವುದಿಲ್ಲ, ಇಂಚಿಗೆ ಎಷ್ಟು ಥ್ರೆಡ್ ಎಂದಿರುತ್ತದೆ. 25.4ನ್ನು ಆ ಸಂಖ್ಯೆಯಿಂದ ಭಾಗಿಸಿ ಮಿ.ಮೀ.ಗೆ ತಂದುಕೊಂಡರೆ ಇದೇ ದಾರಿ.

ಕೊನೆಗೆ ಫಾರ್ಮ್ ಟ್ಯಾಪು. ಇತ್ತೀಚೆಗೆ ಅಲ್ಯೂಮಿನಿಯಂ ಕೆಲಸಕ್ಕೆ ಇದನ್ನು ತರಿಸುವವರು ಹೆಚ್ಚಾಗಿದ್ದಾರೆ. ಇದಕ್ಕೆ ಚಿಪ್ಸ್ ಹೋಗುವ ಫ್ಲೂಟ್ ಇರುವುದಿಲ್ಲ, ಹೆಚ್ಚೆಂದರೆ ಎಣ್ಣೆ ಹರಿಯಲು ಸಣ್ಣ ಗೀಟುಗಳಿರುತ್ತವೆ. ಇದು ಲೋಹವನ್ನು ಕೊರೆಯುವುದಿಲ್ಲ, ಚಪಾತಿ ಹಿಟ್ಟಿನ ಹಾಗೆ ಒತ್ತಿ ಮೇಲಕ್ಕೆಬ್ಬಿಸುತ್ತದೆ. ಕಾಲುವೆಯಿಂದ ಹೊರಬಿದ್ದ ಲೋಹವೇ ಹಲ್ಲಿನ ತುದಿಯಾಗಿ ಒಳಕ್ಕೆ ಬೆಳೆಯುತ್ತದೆ. ಹಾಗಾಗಿ ತೂತು ದೊಡ್ಡದೇ ಬೇಕು, ಲೆಕ್ಕವೂ ಬೇರೆ:

```
d = D − 0.0068 × P × %
```

ಎಂ 8ಕ್ಕೆ 70 ಶೇಕಡಾ ಹಾಕಿದರೆ 7.4 ಬರುತ್ತದೆ. ಇಲ್ಲಿ ತೂತು ಒಂದು ಪಾಯಿಂಟು ಬದಲಾದರೆ ಥ್ರೆಡ್ಡು ಹನ್ನೆರಡು ಶೇಕಡಾ ಬದಲಾಗುತ್ತದೆ, ಕೊರೆಯುವ ಟ್ಯಾಪಿನ ಎರಡರಷ್ಟು. 7.3 ಹಾಕಿದರೆ 82, 7.5 ಹಾಕಿದರೆ 59. ಆದ್ದರಿಂದ ಫಾರ್ಮ್ ಟ್ಯಾಪಿಗೆ ತೂತು ಅರ್ಧ ಪಾಯಿಂಟಿನೊಳಗೆ ನಿಲ್ಲಬೇಕು. ಹಲ್ಲಿನ ತುದಿಯ ನಡುವೆ ಒಂದು ಸಣ್ಣ ಸೀಳು ಕಾಣಿಸುತ್ತದೆ, ಎರಡು ಬದಿಯಿಂದ ಎದ್ದ ಲೋಹ ಪೂರ್ತಿ ಕೂಡದೆ ಉಳಿದ ಗುರುತು ಅದು, ದೋಷವಲ್ಲ. ಆ ಸೀಳು ಮುಚ್ಚಿಹೋಗಿ ತುದಿ ಪೂರ್ತಿ ತುಂಬಿದ್ದರೆ ತೂತು ಚಿಕ್ಕದಾಗಿದೆ, ಟ್ಯಾಪ್ ಮುರಿಯುವ ಹಂತಕ್ಕೆ ಬಂದಿದೆ ಎಂದರ್ಥ.

ಒಂದೇ ಸ್ಟಾಂಡಿನಲ್ಲಿ ಎರಡೂ ಬಗೆಯ ಎಂ 8 ಟ್ಯಾಪುಗಳನ್ನು ಇಟ್ಟರೆ ಬಿಟ್ಟು ಅದಲುಬದಲಾಗುವುದು ಒಂದು ದಿನದ ಮಾತಷ್ಟೇ. 6.8 ತೂತಿಗೆ ಫಾರ್ಮ್ ಟ್ಯಾಪ್ ಹಾಕಿದರೆ ಲೋಹಕ್ಕೆ ಹೋಗಲು ಜಾಗವಿಲ್ಲ, ಟ್ಯಾಪ್ ಮುರಿಯುತ್ತದೆ. ಅದು ಒಂದು ಲೆಕ್ಕದಲ್ಲಿ ವಾಸಿ, ಕೂಡಲೇ ಗೊತ್ತಾಗುತ್ತದೆ. 7.4 ತೂತಿಗೆ ಕೊರೆಯುವ ಟ್ಯಾಪ್ ಹಾಕಿದರೆ ಟ್ಯಾಪ್ ಬೆಣ್ಣೆಯಲ್ಲಿ ಹೋದ ಹಾಗೆ ಹೋಗುತ್ತದೆ, ಥ್ರೆಡ್ ಗೇಜೂ ಪಾಸ್ ಎನ್ನುತ್ತದೆ, ಒಳಗಿರುವುದು 37 ಶೇಕಡಾ. ಫಿಟ್ಟಿಂಗಿನಲ್ಲಿ ಬೋಲ್ಟು ಬಿಗಿಯುವಾಗ ಜಾರಿ ಹೊರಗೆ ಬಂದಾಗಲೇ ಅದು ತಿಳಿಯುವುದು. 7.4 ಬಿಟ್ಟಿನ ಶ್ಯಾಂಕಿಗೂ ಫಾರ್ಮ್ ಟ್ಯಾಪಿನ ಶ್ಯಾಂಕಿಗೂ ಒಂದೇ ಬಣ್ಣದ ಪೇಂಟ್ ಹಚ್ಚಿಡಿ, 6.8ಕ್ಕೂ ಅದರ ಟ್ಯಾಪಿಗೂ ಇನ್ನೊಂದು ಬಣ್ಣ.